ಎರಡನೆಯ ದಿನದ ವಾಕರಿಕೆ: ಕೀಮೋಥೆರಪಿ, ಊಟದ ಹೊತ್ತು, ಮನೆಯವರ ವರದಿ

1983ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಅಲನ್ ಕೋಟ್ಸ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಕೀಮೋಥೆರಪಿ ಪಡೆಯುತ್ತಿದ್ದ ರೋಗಿಗಳ ಮುಂದೆ ಚಿಕಿತ್ಸೆಯ ಉಪದ್ರವಗಳನ್ನು ಒಂದೊಂದಾಗಿ ಬರೆದ ಕಾರ್ಡುಗಳನ್ನಿಟ್ಟು, ಇವುಗಳಲ್ಲಿ ನಿಮ್ಮನ್ನು ಅತಿಯಾಗಿ ಬಾಧಿಸುವುದು ಯಾವುದು ಎಂದು ಕೇಳಿದಾಗ, ಮೊದಲನೆಯ ಸ್ಥಾನ ವಾಂತಿಗೂ ಎರಡನೆಯದು ವಾಕರಿಕೆಗೂ ಮೂರನೆಯದು ಕೂದಲುದುರುವಿಕೆಗೂ ಸಂದಿತು. ಅದೇ ಬಳಗದವರು ಮುಂದೆ ಅದೇ ಪ್ರಶ್ನೆಯನ್ನು ಬೇರೆ ರೋಗಿಗಳಿಗೆ ಕೇಳಿ 1996ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ವಾಂತಿ ಐದನೆಯ ಸ್ಥಾನಕ್ಕೆ ಇಳಿದಿತ್ತು. ವಾಕರಿಕೆ ಮಾತ್ರ ಇಳಿಯುವುದರ ಬದಲು ಮೊದಲನೆಯ ಸ್ಥಾನಕ್ಕೆ ಏರಿತ್ತು. ಈ ಎರಡು ಪಟ್ಟಿಗಳ ನಡುವಣ ಅವಧಿಯಲ್ಲಿ ವೈದ್ಯಶಾಸ್ತ್ರವು ಸಾಧಿಸಿದ್ದೇನು, ಸಾಧಿಸದೆ ಉಳಿಸಿದ್ದೇನು, ಮತ್ತು ಉಳಿದದ್ದರಲ್ಲಿ ರೋಗಿಯ ಮನೆಯವರ ಪಾಲೆಷ್ಟು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆಯವರ ಪಾಲನ್ನು ಇಲ್ಲಿ ವಿಶೇಷವಾಗಿ ಎತ್ತಿಕೊಳ್ಳಲು ಕಾರಣವುಂಟು. ಔಷಧವು ರಕ್ತನಾಳಕ್ಕೆ ಇಳಿಯುವುದು ಆಸ್ಪತ್ರೆಯಲ್ಲಿ, ಕೆಲವು ತಾಸುಗಳ ಅವಧಿಯಲ್ಲಿ; ಆದರೆ ಅದರಿಂದ ಹುಟ್ಟುವ ವಾಕರಿಕೆಯ ಬಹುಭಾಗ ಎರಡನೆಯ ದಿನದಿಂದ ಐದನೆಯ ದಿನದವರೆಗೆ, ವೈದ್ಯರಾಗಲಿ ನರ್ಸ್ ಆಗಲಿ ಇಲ್ಲದ ಮನೆಯಲ್ಲಿ ನಡೆಯುತ್ತದೆ. 2004ರಲ್ಲಿ ಸ್ಟೀವನ್ ಗ್ರನ್‌ಬರ್ಗ್ ಮೊದಲಾದವರು ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ತಮ್ಮ ರೋಗಿಗಳಲ್ಲಿ ಎಷ್ಟು ಮಂದಿಗೆ ಈ ತಡವಾದ ಉಪದ್ರವ ಬಂದೀತು ಎಂದು ಊಹಿಸಿದ ವೈದ್ಯರು ಮತ್ತು ನರ್ಸ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ನಿಜಸ್ಥಿತಿಗಿಂತ ಕಡಿಮೆ ಅಂದಾಜು ಮಾಡಿದ್ದರು. ಅವರು ನಿರ್ಲಕ್ಷ್ಯ ಮಾಡಿದರೆಂದು ಇದರ ಅರ್ಥವಲ್ಲ. ತಮ್ಮ ಕಣ್ಣೆದುರು ನಡೆಯದುದನ್ನು ಯಾರೂ ಹೇಳದೆ ಇದ್ದರೆ ಅವರು ತಿಳಿಯುವುದಾದರೂ ಎಂತು?

ಔಷಧಗಳ ಇತಿಹಾಸ

ಯೇಲ್ ವಿಶ್ವವಿದ್ಯಾಲಯದಲ್ಲಿ 1942ರಲ್ಲಿ ನೈಟ್ರೋಜನ್ ಮಸ್ಟರ್ಡ್ ಎಂಬ ದ್ರವ್ಯವನ್ನು ಕ್ಯಾನ್ಸರ್ ರೋಗಿಗೆ ಮೊತ್ತಮೊದಲು ಕೊಟ್ಟಂದಿನಿಂದಲೂ ವಾಂತಿಯು ಕೀಮೋಥೆರಪಿಯ ಸಹಚಾರಿಯಾಗಿ ಬಂದಿದೆ. ಆದರೆ ಅದು ತೀವ್ರವಾದ ಸಮಸ್ಯೆಯಾಗಿ ಪರಿಣಮಿಸಿದ್ದು 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಔಷಧದೊಡನೆ. ತಡೆಗಟ್ಟುವ ಔಷಧವನ್ನು ಮುಂಚಿತವಾಗಿ ಕೊಡದಿದ್ದರೆ ಸಿಸ್‌ಪ್ಲಾಟಿನ್ ಪಡೆದ ನೂರು ಜನರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನ ವಾಂತಿ ಮಾಡಿಕೊಳ್ಳುತ್ತಾರೆ. ಔಷಧ ಗುಣಕಾರಿಯೇ, ಆದರೆ ಗುಣವಾಗುವ ಮೊದಲೇ ರೋಗಿ ಚಿಕಿತ್ಸೆಯನ್ನು ತೊರೆಯುವ ಪ್ರಸಂಗ ಬಂದೊದಗಿದ್ದರಿಂದ, ವಾಂತಿಯನ್ನು ತಡೆಯುವ ವಿದ್ಯೆಯೂ ಅದರೊಡನೆ ಬೆಳೆಯಬೇಕಾಯಿತು.

1981ರಲ್ಲಿ ರಿಚರ್ಡ್ ಗ್ರಾಲ್ಲಾ ಅವರ ತಂಡವು ಮೆಟೊಕ್ಲೋಪ್ರಮೈಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಸಿಸ್‌ಪ್ಲಾಟಿನ್‌ನ ವಾಂತಿ ಕಡಿಮೆಯಾಗುತ್ತದೆಂದು ತೋರಿಸಿತು. ಅದೇ ದಶಕದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಜೊತೆಗೂಡಿತು. 1991ರಲ್ಲಿ ಒಂಡಾನ್‌ಸೆಟ್ರಾನ್ ಬಳಕೆಗೆ ಬಂದದ್ದು ಈ ಇತಿಹಾಸದ ದೊಡ್ಡ ತಿರುವು. 2003ರಲ್ಲಿ ಅಪ್ರೆಪಿಟೆಂಟ್ ಬಂದು ತಡವಾದ ವಾಂತಿಗೆ ಮೊದಲ ನಿಶ್ಚಿತ ಉತ್ತರವನ್ನು ಕೊಟ್ಟಿತು. 2016ರಲ್ಲಿ, ಮೂಲತಃ ಮನೋರೋಗಕ್ಕಾಗಿ ನಿರ್ಮಿತವಾದ ಒಲಾಂಜಪೈನ್ ಮಾತ್ರೆಯನ್ನು 10 ಮಿಲಿಗ್ರಾಂ ಪ್ರಮಾಣದಲ್ಲಿ ಸೇರಿಸಿದರೆ, ಹಿಂದಿನ ಔಷಧಗಳಿಗೆ ಅಷ್ಟಾಗಿ ಬಗ್ಗದಿದ್ದ ವಾಕರಿಕೆಯೂ ಕಡಿಮೆಯಾಗುತ್ತದೆಂದು ರುಡಾಲ್ಫ್ ನವಾರಿ ಮತ್ತು ಸಂಗಡಿಗರು ತೋರಿಸಿದರು.

ಈ ಸರಣಿಯ ಇತ್ತೀಚಿನ ಕೊಂಡಿಗಳಲ್ಲೊಂದು ಮುಂಬಯಿಯಲ್ಲಿ ಸಿದ್ಧವಾಯಿತೆಂಬುದನ್ನು ನಮ್ಮವರು ಗಮನಿಸಬೇಕು. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜ್ಯೋತಿ ಬಾಜಪೇಯಿ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಲಾಂಜಪೈನನ್ನು 10 ಮಿಲಿಗ್ರಾಂ ಬದಲು ಕೇವಲ 2.5 ಮಿಲಿಗ್ರಾಂ ಕೊಟ್ಟರೂ ವಾಂತಿಯ ನಿಯಂತ್ರಣದಲ್ಲಿ ಕೊರತೆ ಕಾಣಲಿಲ್ಲ. ಹಗಲಿನ ತೂಕಡಿಕೆ ಮಾತ್ರ ಗಣನೀಯವಾಗಿ ಕಡಿಮೆಯಾಯಿತು. ತೂಕಡಿಕೆ ಎಂಬುದು ಸಣ್ಣ ಸಂಗತಿಯಂತೆ ತೋರಿದರೂ, ಮನೆಯವರು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಕ್ಕೆ ಅದೇ ಮುಖ್ಯ ಕಾರಣವಾಗಿರುವುದನ್ನು ಮುಂದೆ ನೋಡಲಿದ್ದೇವೆ.

ವಾಂತಿ ಹುಟ್ಟುವುದು ಎಲ್ಲಿ? ಮೂರು ಮತಗಳು

ಮೊದಲನೆಯ ಮತವು ಮೆದುಳನ್ನು ಹೊಣೆ ಮಾಡುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹರ್ಬರ್ಟ್ ಬೋರಿಸನ್ ಮತ್ತು ವಾಂಗ್ ಎಂಬ ವಿಜ್ಞಾನಿಗಳು, ಮೆದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಒಂದು ಕಿರುಸ್ಥಾನವು ರಕ್ತದಲ್ಲಿ ಸೇರಿದ ವಿಷವನ್ನು ಪರೀಕ್ಷಿಸುವ ಕಾವಲುಸ್ಥಾನವೆಂದು ಪ್ರಾಣಿಪ್ರಯೋಗಗಳಿಂದ ಸ್ಥಾಪಿಸಿದರು. ಮೆದುಳಿನ ಇತರ ಭಾಗಗಳನ್ನು ರಕ್ತದಿಂದ ಬೇರ್ಪಡಿಸಿ ಕಾಯುವ ತಡೆ ಈ ಸ್ಥಾನದಲ್ಲಿ ಸಡಿಲವಾಗಿರುವುದರಿಂದ, ರಕ್ತದಲ್ಲಿ ಹರಿಯುವ ಕೀಮೋ ಔಷಧವು ಅದನ್ನು ನೇರವಾಗಿ ಮುಟ್ಟಬಲ್ಲದು. ಮೆಟೊಕ್ಲೋಪ್ರಮೈಡ್ ಈ ಮತಕ್ಕೆ ಅನುಗುಣವಾಗಿ, ಆ ಸ್ಥಾನದ ಡೋಪಮೈನ್ ಗ್ರಾಹಕಗಳನ್ನು ಮುಚ್ಚುವ ಔಷಧವೆಂದೇ ಪರಿಗಣಿತವಾಗಿತ್ತು.

ಎರಡನೆಯ ಮತವು ಕರುಳನ್ನು ಹೊಣೆ ಮಾಡುತ್ತದೆ. ದೇಹದ ಸೆರೊಟೊನಿನ್‌ನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಇರುವುದು ಕರುಳಿನ ಒಳಪದರದ ವಿಶಿಷ್ಟ ಜೀವಕೋಶಗಳಲ್ಲಿ. ಕೀಮೋ ಔಷಧ ಆ ಕೋಶಗಳನ್ನು ಘಾಸಿಗೊಳಿಸಿದಾಗ ಅವು ಸೆರೊಟೊನಿನನ್ನು ಹೊರಚೆಲ್ಲುತ್ತವೆ; ಅದು ಸಮೀಪದಲ್ಲಿಯೇ ಇರುವ ವೇಗಸ್ ನರದ ತುದಿಗಳನ್ನು ಕೆರಳಿಸುತ್ತದೆ; ನರವು ವಾರ್ತೆಯನ್ನು ಮೆದುಳಿಗೆ ಒಯ್ಯುತ್ತದೆ. 1986ರಲ್ಲಿ ಮೈನರ್ ಮತ್ತು ಸ್ಯಾಂಗರ್ ಎಂಬವರು, ಈ ಸೆರೊಟೊನಿನ್ ಗ್ರಾಹಕವನ್ನು ಮುಚ್ಚಿದರೆ ಫೆರೆಟ್ ಎಂಬ ಪ್ರಾಣಿಯಲ್ಲಿ ಸಿಸ್‌ಪ್ಲಾಟಿನ್‌ನ ವಾಂತಿ ನಿಲ್ಲುತ್ತದೆಂದು ತೋರಿಸಿದ್ದು ಈ ಮತದ ವಿಜಯ. ಒಂಡಾನ್‌ಸೆಟ್ರಾನ್ ಅದರ ಫಲ. ಹೆಚ್ಚಿನ ಪ್ರಮಾಣದ ಮೆಟೊಕ್ಲೋಪ್ರಮೈಡ್ ಕೆಲಸ ಮಾಡುತ್ತಿದ್ದುದು ಸಹ ಡೋಪಮೈನ್‌ನ ಮೂಲಕವಲ್ಲ, ಇದೇ ಸೆರೊಟೊನಿನ್ ಗ್ರಾಹಕದ ಮೂಲಕವೆಂದು ಆಮೇಲೆ ತಿಳಿದುಬಂದಿತು.

ಆದರೆ ಈ ಮತಕ್ಕೂ ಒಂದು ಎಲ್ಲೆಯುಂಟು. ಸಿಸ್‌ಪ್ಲಾಟಿನ್ ಕೊಟ್ಟ ಕೆಲವು ತಾಸುಗಳಲ್ಲಿ ರೋಗಿಯ ಮೂತ್ರದಲ್ಲಿ ಸೆರೊಟೊನಿನ್‌ನ ಅವಶೇಷ ಏರುತ್ತದೆ, ವಾಂತಿಯೂ ಅದೇ ವೇಳೆಗೆ ಏರುತ್ತದೆ. ಮಾರನೆಯ ದಿನದ ವೇಳೆಗೆ ಅವಶೇಷ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ವಾಂತಿ ಮಾತ್ರ 48ರಿಂದ 72 ತಾಸುಗಳ ನಡುವೆ ಎರಡನೆಯ ಬಾರಿ ತಲೆಯೆತ್ತುತ್ತದೆ. 1985ರಲ್ಲಿ ಮಾರ್ಕ್ ಕ್ರಿಸ್ ಮೊದಲಾದವರು ವಿವರವಾಗಿ ದಾಖಲಿಸಿದ ಈ ಎರಡನೆಯ ಅಲೆಯು ಸೆರೊಟೊನಿನ್‌ನಿಂದ ಹುಟ್ಟಿದ್ದಲ್ಲವಾದ್ದರಿಂದ, ಮೊದಲ ದಿನ ಅದ್ಭುತವಾಗಿ ಫಲಿಸಿದ ಒಂಡಾನ್‌ಸೆಟ್ರಾನ್ ಮೂರನೆಯ ದಿನ ಮೂಕವಾಗುತ್ತದೆ. ಆ ದಿನಗಳಲ್ಲಿ ಪ್ರಧಾನವಾದದ್ದು ಮೆದುಳಿನ ಕಾಂಡದಲ್ಲಿ ಕೆಲಸ ಮಾಡುವ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ದ್ರವ್ಯ. ಅಪ್ರೆಪಿಟೆಂಟ್ ಅದರ ಗ್ರಾಹಕವನ್ನು ಮುಚ್ಚುತ್ತದೆ. ಹೀಗೆ ಕರುಳಿನಿಂದ ಹೊರಟ ವಿಚಾರ ಮತ್ತೆ ಮೆದುಳಿಗೇ ಬಂದು ಸೇರಿತು.

ಮೂರನೆಯ ಮತವು ಕಲಿಕೆಯನ್ನು ಹೊಣೆ ಮಾಡುತ್ತದೆ. ಊಟದ ಹೊತ್ತಿಗೆ ಅತ್ಯಂತ ನಿಕಟವಾದದ್ದು ಇದೇ. 1978ರಲ್ಲಿ ಐಲೀನ್ ಬರ್ನ್‌ಸ್ಟೀನ್ ಎಂಬ ಮನೋವಿಜ್ಞಾನಿ, ಕೀಮೋ ಪಡೆಯಲಿದ್ದ ಮಕ್ಕಳಿಗೆ ಔಷಧಕ್ಕೆ ಮೊದಲು ಅವರು ಅದುವರೆಗೆ ತಿಂದಿರದ ರುಚಿಯ ಐಸ್‌ಕ್ರೀಮನ್ನು ಕೊಟ್ಟರು. ಮುಂದೆ ಅದೇ ಐಸ್‌ಕ್ರೀಮನ್ನು ಎದುರಿಗಿಟ್ಟಾಗ, ಔಷಧಕ್ಕೆ ಮೊದಲು ಅದನ್ನು ತಿಂದಿದ್ದ ಮಕ್ಕಳು ಇತರ ಮಕ್ಕಳಿಗಿಂತ ಹೆಚ್ಚಾಗಿ ಅದನ್ನು ನಿರಾಕರಿಸಿದರು. ಔಷಧದಿಂದ ವಾಕರಿಕೆ ಬಂದಿತೆಂದು ಬುದ್ಧಿ ಬಲ್ಲದು. ಶರೀರವಾದರೋ ಆ ಹೊತ್ತಿಗೆ ಸಮೀಪದ ಆಹಾರವನ್ನೇ ಅಪರಾಧಿಯೆಂದು ನೆನಪಿಡುತ್ತದೆ. ಆಸ್ಪತ್ರೆಯ ಬಾಗಿಲು, ಸ್ಪಿರಿಟ್ಟಿನ ವಾಸನೆ, ಡ್ರಿಪ್ ಹಾಕುವ ನರ್ಸಿನ ಮುಖ ಕಂಡೊಡನೆ, ಔಷಧ ಇನ್ನೂ ಮೈಗೆ ಇಳಿಯುವ ಮುನ್ನವೇ ಹೊಟ್ಟೆ ತೊಳಸುವ ನಿರೀಕ್ಷಾ ವಾಕರಿಕೆಯನ್ನು ಉಳಿದ ಎರಡು ಮತಗಳು ವಿವರಿಸಲಾರವು, ಇದು ವಿವರಿಸುತ್ತದೆ. ಹಿಂದಿನ ಸರದಿಗಳಲ್ಲಿ ವಾಂತಿ ಹತೋಟಿಗೆ ಬಾರದೆ ಹೋದವರಲ್ಲಿಯೇ ಇದು ಹೆಚ್ಚು. ಒಮ್ಮೆ ಬೇರೂರಿದರೆ ಸೆರೊಟೊನಿನ್ ತಡೆಯುವ ಔಷಧಗಳಿಗೆ ಬಗ್ಗುವುದಿಲ್ಲ. ಮೊದಲನೆಯ ಸರದಿಯಲ್ಲಿಯೇ ವಾಂತಿಯನ್ನು ಸಂಪೂರ್ಣವಾಗಿ ತಡೆಯಬೇಕೆಂದು ವೈದ್ಯರು ಹಟ ಹಿಡಿಯುವುದು ಇದೇ ಕಾರಣದಿಂದ.

ಒಂದು ಪ್ರಸಂಗದ ವಿಸ್ತಾರ

ಈ ಮತಗಳು ಒಂದು ಮನೆಯಲ್ಲಿ ಹೇಗೆ ಎದುರಾಗುತ್ತವೆ ಎಂಬುದಕ್ಕೆ ಅನೇಕರ ಅನುಭವದಿಂದ ಕಟ್ಟಿಕೊಂಡ ಒಂದು ದೃಷ್ಟಾಂತವನ್ನು ಪರಿಶೀಲಿಸೋಣ. ಹಾವೇರಿ ಜಿಲ್ಲೆಯ ಹಳ್ಳಿಯ ನಲವತ್ತೆರಡು ವರ್ಷದ ಗೃಹಿಣಿಗೆ ಸ್ತನ ಕ್ಯಾನ್ಸರ್. ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಗಳನ್ನು 21 ದಿನಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಪಡೆಯುತ್ತಾಳೆ. ಬಸ್ಸು ಹತ್ತಿದರೆ ವಾಂತಿಯಾಗುವ ಸ್ವಭಾವ. ಎರಡೂ ಬಸಿರಿನಲ್ಲಿ ತಿಂಗಳುಗಟ್ಟಲೆ ವಾಂತಿಯಾಗಿತ್ತು. ಹೆಂಗಸರಲ್ಲಿ, ಕಿರಿಯ ವಯಸ್ಸಿನವರಲ್ಲಿ, ಮದ್ಯದ ರೂಢಿಯಿಲ್ಲದವರಲ್ಲಿ, ಪ್ರಯಾಣದಲ್ಲಿ ಅಥವಾ ಬಸಿರಿನಲ್ಲಿ ವಾಂತಿಯಾದವರಲ್ಲಿ ಕೀಮೋ ವಾಂತಿಯ ಸಂಭವ ಅಧಿಕವೆಂಬುದು ನಿಶ್ಚಿತವಾದ ವಿಷಯ. ಆದರೆ ಬಸಿರಿನ ಸಂಗತಿಯನ್ನು ಈಕೆಯನ್ನು ಯಾರೂ ಕೇಳಲಿಲ್ಲ, ಈಕೆಯೂ ಹೇಳಲಿಲ್ಲ.

ಬೆಳಗ್ಗೆ ಮಾತ್ರೆಗಳನ್ನು ನುಂಗಿಸಿ, ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟು, ಮಧ್ಯಾಹ್ನ ಎರಡರ ವೇಳೆಗೆ ಡ್ರಿಪ್ ಮುಗಿಯಿತು. ಸಂಜೆಯವರೆಗೆ ಏನೂ ಇಲ್ಲ. ಮನೆಗೆ ಬಂದು ಏಳು ಗಂಟೆಗೆ ರೊಟ್ಟಿಯನ್ನೂ ಎಣ್ಣೆಗಾಯಿಯನ್ನೂ ಹೊಟ್ಟೆತುಂಬ ಉಂಡಳು, ಮನೆಯವರಿಗೆ ಸಮಾಧಾನವಾಯಿತು. ಸೈಕ್ಲೊಫಾಸ್ಫಮೈಡ್‌ನ ಸ್ವಭಾವವೇ ಹೀಗೆ: ಸಿಸ್‌ಪ್ಲಾಟಿನ್‌ನಂತೆ ಬೇಗನೆ ತನ್ನನ್ನು ತೋರಿಸಿಕೊಳ್ಳದೆ, ಹಲವು ತಾಸುಗಳ ತರುವಾಯ, ಬಹುಶಃ ರಾತ್ರಿಯ ಹೊತ್ತು, ತನ್ನ ಪ್ರಭಾವವನ್ನು ಬೀರುತ್ತದೆ. ನಡುರಾತ್ರಿಯಿಂದ ಬೆಳಗಿನೊಳಗೆ ಮೂರು ಸಲ ವಾಂತಿಯಾಯಿತು. ಮರುದಿನ ಬೆಳಗ್ಗೆ ಮೂತ್ರ ಕೆಂಪಾಗಿದ್ದುದನ್ನು ಕಂಡು ರಕ್ತವೆಂದು ಹೆದರಿದರು. ಅದು ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಔಷಧವೇ ಒಂದೆರಡು ದಿನ ಮೂತ್ರದಲ್ಲಿ ಹೊರಬೀಳುವ ರೀತಿ, ಅದರಲ್ಲಿ ಅಪಾಯವಿಲ್ಲ. ರಾತ್ರಿ ನುಂಗಬೇಕಾಗಿದ್ದ ಒಲಾಂಜಪೈನನ್ನು ಮೊದಲ ರಾತ್ರಿಯ ಅನಂತರ ನಿಲ್ಲಿಸಿದರು: ಮರುದಿನವೆಲ್ಲ ಮಂಕಾಗಿ ಮಲಗಿದ್ದಳು, ಅಲ್ಲದೆ ಔಷಧದಂಗಡಿಯವನು ಇದು ತಲೆ ಕೆಟ್ಟವರಿಗೆ ಕೊಡುವ ಗುಳಿಗೆ ಎಂದಿದ್ದನು. ಉಳಿದ ಮಾತ್ರೆಗಳನ್ನು, ವಾಂತಿಯಾದರೆ ಕೊಡೋಣವೆಂದು ಎತ್ತಿಟ್ಟರು. ಮೂರನೆಯ ದಿನ ಒಂದೇ ಸಲ ವಾಂತಿಯಾಯಿತು. ಆದರೆ ಐದನೆಯ ದಿನದವರೆಗೂ ಚಹಾ ಮತ್ತು ನಾಲ್ಕು ಬಿಸ್ಕತ್ತಿನ ಹೊರತು ಏನೂ ಒಳಗೆ ಇಳಿಯಲಿಲ್ಲ. ಎಂಟನೆಯ ದಿನ ಎದ್ದು ಮನೆಗೆಲಸಕ್ಕೆ ತೊಡಗಿದಳು.

ಮೂರು ವಾರಗಳ ಮೇಲೆ ವೈದ್ಯರು, "ವಾಂತಿ ಆಗಿತ್ತೇನಮ್ಮಾ?" ಎಂದು ಕೇಳಿದಾಗ ಗಂಡ ಕೊಟ್ಟ ಉತ್ತರ: "ಸ್ವಲ್ಪ ಆಗಿತ್ರೀ ಸರ, ಈಗ ಆರಾಮ ಅದಾಳ್ರೀ." ಅದು ಸುಳ್ಳಲ್ಲ, ಆದರೆ ಆ ಉತ್ತರದಿಂದ ವೈದ್ಯರು ಯಾವ ಔಷಧವನ್ನೂ ಬದಲಾಯಿಸುವಂತಿರಲಿಲ್ಲ. ಎರಡನೆಯ ಸರದಿ ಮೊದಲನೆಯದರಂತೆಯೇ ಕಳೆಯಿತು. ಮೂರನೆಯದಕ್ಕೆ ಹುಬ್ಬಳ್ಳಿಯ ಬಸ್ಸಿನಲ್ಲಿಯೇ ವಾಂತಿ ಪ್ರಾರಂಭವಾಗಿ, ಆಸ್ಪತ್ರೆಯ ಗೇಟಿನಲ್ಲಿ ಮತ್ತೊಮ್ಮೆಯಾಯಿತು. ಅದನ್ನು ಬಸ್ಸಿನ ವಾಂತಿಯೆಂದೇ ಎಲ್ಲರೂ ಬಗೆದರು.

ಇಲ್ಲಿ ತಪ್ಪಿದ್ದು ಔಷಧವಲ್ಲ. ವಾಂತಿ ತಡೆಯುವ ಮಾತ್ರೆಗಳಲ್ಲಿ ಎರಡು ಬಗೆ: ನಿಗದಿಯಾದ ದಿನಗಳಲ್ಲಿ, ವಾಂತಿ ಇರಲಿ ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ನುಂಗಬೇಕಾದವು ಒಂದು, ಇವುಗಳನ್ನು ಮೀರಿ ವಾಂತಿಯಾದಾಗ ನುಂಗುವವು ಇನ್ನೊಂದು. ತಡೆಯುವ ಮಾತ್ರೆಯನ್ನು ವಾಂತಿಯಾದ ಮೇಲೆ ಕೊಟ್ಟರೆ ಅದರ ಫಲ ಕಡಿಮೆಯಾಗುವುದಿರಲಿ, ಆ ಮಾತ್ರೆಯೇ ವಾಂತಿಯಲ್ಲಿ ಹೊರಬಿದ್ದು ಹೋಗುವ ಸಂಭವವುಂಟು. ಚೀಟಿಯಲ್ಲಿ ಯಾವುದು ಯಾವ ಬಗೆಯದೆಂದು ಆಸ್ಪತ್ರೆಯಿಂದ ಹೊರಡುವ ಮುನ್ನವೇ ನರ್ಸಿನಿಂದ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು. ಒಲಾಂಜಪೈನ್‌ನಿಂದ ಮಂಪರು ಹೆಚ್ಚಾದರೆ ಮಾಡಬೇಕಾದದ್ದು ನಿಲ್ಲಿಸುವುದಲ್ಲ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು. ಪ್ರಮಾಣವನ್ನು ಇಳಿಸಲು ಮುಂಬಯಿಯ ಪ್ರಯೋಗವು ಅವರಿಗೆ ಈಗ ಆಧಾರ ಕೊಟ್ಟಿದೆ.

ಊಟದ ಹೊತ್ತು

ಔಷಧಗಳ ವಿಷಯದಲ್ಲಿರುವಷ್ಟು ಖಚಿತತೆ ಊಟದ ವಿಷಯದಲ್ಲಿಲ್ಲ. ಒಂದು ಪಕ್ಷದವರು ಸ್ವಲ್ಪಸ್ವಲ್ಪವಾಗಿ, ಪದೇಪದೇ ತಿನ್ನಬೇಕೆನ್ನುತ್ತಾರೆ. ಖಾಲಿ ಹೊಟ್ಟೆಯೂ ವಾಕರಿಕೆಯನ್ನು ಹೆಚ್ಚಿಸುತ್ತದೆ, ತುಂಬಿದ ಹೊಟ್ಟೆಯೂ ಹೆಚ್ಚಿಸುತ್ತದೆ. ಆದ್ದರಿಂದ ಮೂರು ದೊಡ್ಡ ಊಟಗಳ ಬದಲು ಎರಡು ಎರಡೂವರೆ ತಾಸಿಗೊಮ್ಮೆ ಅರ್ಧ ಬಟ್ಟಲು ಗಂಜಿಯೋ, ಮೊಸರನ್ನವೋ, ಇಡ್ಲಿಯೋ ಸಾಕು. ನೀರನ್ನು ಊಟದ ಜೊತೆಗಲ್ಲದೆ ಊಟಗಳ ನಡುವೆ ಕುಡಿಯಬೇಕು. ಉಂಡೊಡನೆ ಮಲಗದೆ ಒಂದು ತಾಸಾದರೂ ಒರಗಿ ಕುಳಿತಿರಬೇಕು. ಬಿಸಿ ಆಹಾರಕ್ಕಿಂತ ಆರಿದ್ದು ಸುಲಭವಾಗಿ ಸೇರುತ್ತದೆ, ಏಕೆಂದರೆ ಅದರಿಂದ ವಾಸನೆ ಕಡಿಮೆ ಏಳುತ್ತದೆ. ಒಗ್ಗರಣೆಯ ಘಾಟು, ಕರಿಯುವ ಎಣ್ಣೆ, ಬೇಯುವ ಮೀನು ಇವುಗಳಿಂದ ರೋಗಿಯನ್ನು ದೂರವಿಡಬೇಕು. ದಿನದಲ್ಲಿ ವಾಕರಿಕೆ ತಗ್ಗಿರುವ ಹೊತ್ತು ಯಾವುದೋ ಆಗಲೇ ಮುಖ್ಯ ಆಹಾರವನ್ನು ಕೊಡಬೇಕು. ಅನೇಕರಿಗೆ ಅದು ಬೆಳಗಿನ ಹೊತ್ತು. ಈ ಉಪದೇಶಕ್ಕೆ ದೊಡ್ಡ ಪ್ರಯೋಗಗಳ ಬೆಂಬಲವಿಲ್ಲ. ದೀರ್ಘಕಾಲದ ಅನುಭವದ ಬೆಂಬಲವುಂಟು, ಹಾನಿಯೂ ಇಲ್ಲ.

ಎರಡನೆಯ ಪಕ್ಷದವರು ಉಪವಾಸವಾದಿಗಳು. ವಾಲ್ಟರ್ ಲಾಂಗೋ ಅವರ ಬಳಗ 2008ರಲ್ಲಿ, ಉಪವಾಸವಿರಿಸಿದ ಇಲಿಗಳು ಕೀಮೋ ಔಷಧದ ವಿಷಪ್ರಭಾವವನ್ನು ಹೆಚ್ಚಾಗಿ ತಾಳಿಕೊಳ್ಳುತ್ತವೆಂದು ಪ್ರಕಟಿಸಿದ ಮೇಲೆ ಈ ವಾದ ಜನಪ್ರಿಯವಾಯಿತು. 2020ರಲ್ಲಿ ನೆದರ್ಲೆಂಡ್ಸಿನ ವೈದ್ಯರು 131 ಸ್ತನ ಕ್ಯಾನ್ಸರ್ ರೋಗಿಗಳಲ್ಲಿ, ಉಪವಾಸವನ್ನು ಅನುಕರಿಸುವ ಅಲ್ಪಾಹಾರವನ್ನು ಪರೀಕ್ಷಿಸಿದ ಪ್ರಯೋಗವನ್ನು ಪ್ರಕಟಿಸಿದರು. ತೀವ್ರ ಉಪದ್ರವಗಳ ಪ್ರಮಾಣದಲ್ಲಿ ಎರಡು ಗುಂಪುಗಳಿಗೆ ಅಂತರ ಕಾಣಲಿಲ್ಲ, ಎಲ್ಲ ಸರದಿಗಳಲ್ಲೂ ಆ ಆಹಾರವನ್ನು ಪಾಲಿಸಲು ಬಹುಮಂದಿಗೆ ಆಗಲಿಲ್ಲ. ಉಪವಾಸದ ಗುಂಪಿಗೆ ಡೆಕ್ಸಾಮೆಥಾಸೋನನ್ನು ಕೊಡದಿದ್ದರೂ ಉಪದ್ರವ ಹೆಚ್ಚಲಿಲ್ಲವೆಂಬುದನ್ನು ಆ ಪಕ್ಷದವರು ಎತ್ತಿ ಹೇಳುತ್ತಾರೆ, ಅದು ಚಿಂತನಾರ್ಹವೇ. ಆದರೆ ಮೊದಲೇ ತೂಕ ಕಳೆದುಕೊಂಡವರೂ, ಇನ್ಸುಲಿನ್ ಅಥವಾ ಸಕ್ಕರೆಯ ಗುಳಿಗೆ ತೆಗೆದುಕೊಳ್ಳುವವರೂ, ಗಂಟಲಿನ ಕ್ಯಾನ್ಸರಿನಿಂದ ನುಂಗಲಾರದವರೂ ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಬಲ್ಲ ಯಾರೂ, ಪ್ರಯೋಗದ ಹೊರಗೆ ಮನೆಯಲ್ಲಿ ತಾವಾಗಿ ಉಪವಾಸ ಮಾಡಿಸುವುದನ್ನು ಒಪ್ಪಲಾರರು. ಏಕಾದಶಿಯ ಉಪವಾಸವೋ ರಂಜಾನಿನ ಉಪವಾಸವೋ ಔಷಧದ ದಿನಕ್ಕೆ ಬಂದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಮೂರನೆಯ ವಿಚಾರ, ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದದ್ದು, ಬರ್ನ್‌ಸ್ಟೀನರ ಸಂಶೋಧನೆಯಿಂದ ಹುಟ್ಟಿದ್ದು. 1987ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ, ಊಟಕ್ಕೂ ಔಷಧಕ್ಕೂ ನಡುವೆ ಮಕ್ಕಳಿಗೆ ತೀಕ್ಷ್ಣ ರುಚಿಯ ಒಂದು ಮಿಠಾಯಿಯನ್ನು ಚೀಪಲು ಕೊಟ್ಟು ನೋಡಿದರು. ಜುಗುಪ್ಸೆಯು ಆ ಮಿಠಾಯಿಯ ಪಾಲಿಗೆ ಹೋಗಿ ಊಟ ಬಹುಮಟ್ಟಿಗೆ ಪಾರಾಯಿತು. ಆದ್ದರಿಂದ ಔಷಧದ ದಿನ, ಧೈರ್ಯವಾಗಲೆಂದು ರೋಗಿಗೆ ಇಷ್ಟವಾದ ಹೋಳಿಗೆಯನ್ನೋ ಬಿರಿಯಾನಿಯನ್ನೋ ಕಟ್ಟಿಕೊಂಡು ಹೋಗುವ ಪ್ರೀತಿಯು, ಆ ತಿನಿಸನ್ನು ತಿಂಗಳುಗಟ್ಟಲೆ ಅವರಿಂದ ದೂರ ಮಾಡಬಹುದು. ಔಷಧಕ್ಕೆ ಎರಡು ಮೂರು ತಾಸು ಮೊದಲು ಸಪ್ಪೆಯಾದ, ಲಘುವಾದ, ದಿನನಿತ್ಯದ ಊಟ. ಔಷಧವಾಗುವಾಗ ಬಾಯಿಗೆ ಪೆಪ್ಪರ್‌ಮಿಂಟೋ ಹುಳಿ ಮಿಠಾಯಿಯೋ. ಮುಗಿದ ಮೇಲೆ ಒಂದು ತಾಸಾದರೂ ಬಿಟ್ಟು ಸ್ವಲ್ಪ ಆಹಾರ. ರೋಗಿಗೆ ಪ್ರಿಯವಾದ ತಿನಿಸುಗಳು ವಾಕರಿಕೆ ಸಂಪೂರ್ಣವಾಗಿ ಇಳಿದ ಎರಡನೆಯ ವಾರಕ್ಕೆ. ನಮ್ಮ ದೃಷ್ಟಾಂತದ ಗೃಹಿಣಿ ಅಂದು ಸಂಜೆ ಉಂಡ ಎಣ್ಣೆಗಾಯಿಯನ್ನು ಆಮೇಲೆ ಮುಟ್ಟದಿದ್ದರೆ ಆಶ್ಚರ್ಯವಿಲ್ಲ.

ಶುಂಠಿಯ ವಿಷಯವನ್ನು ಎಲ್ಲರೂ ಕೇಳುತ್ತಾರೆ. 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಮೊದಲ ದಿನದ ವಾಕರಿಕೆಯನ್ನು ತಗ್ಗಿಸಿತು. ಸಿಸ್‌ಪ್ಲಾಟಿನ್ ಪಡೆದವರ ಮೇಲೆ 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಚಹಾದಲ್ಲಿ ಹಾಕುವಷ್ಟು ಶುಂಠಿಯಿಂದ ಬಾಧೆಯಿಲ್ಲ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರೂ ಪ್ಲೇಟ್‌ಲೆಟ್ ಇಳಿದವರೂ ಪುಡಿ ಅಥವಾ ಕ್ಯಾಪ್ಸೂಲಿನ ರೂಪದಲ್ಲಿ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಬೇಕು.

ಊಟದ ಹೊತ್ತು ರುಚಿಯ ಪ್ರಶ್ನೆ ಮಾತ್ರವಲ್ಲ, ಔಷಧದ ಪ್ರಶ್ನೆಯೂ ಹೌದು ಎಂಬುದು ಬಾಯಿಂದ ನುಂಗುವ ಕೀಮೋ ಮಾತ್ರೆಗಳಲ್ಲಿ ಸ್ಪಷ್ಟವಾಗುತ್ತದೆ. ಕ್ಯಾಪೆಸಿಟಬೈನನ್ನು ಊಟ ಮುಗಿದ ಅರ್ಧ ತಾಸಿನೊಳಗೆ ನುಂಗಬೇಕು. ಟೆಮೊಜೊಲೊಮೈಡನ್ನು ಖಾಲಿ ಹೊಟ್ಟೆಯಲ್ಲಿ, ಮಲಗುವ ಹೊತ್ತಿಗೆ ನುಂಗಿದರೆ ವಾಕರಿಕೆ ಕಡಿಮೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸುವಂತಿಲ್ಲ. ಕೀಮೋ ಮಾತ್ರೆ ನುಂಗಿದ ಮೇಲೆ ವಾಂತಿಯಾದರೆ, ಕಳೆದುಹೋಯಿತೆಂದು ಮತ್ತೊಂದನ್ನು ತಾವಾಗಿ ಕೊಡಬಾರದು. ಎಷ್ಟು ನಿಮಿಷಗಳ ಮೇಲೆ ವಾಂತಿಯಾಯಿತು, ಮಾತ್ರೆ ಕಾಣಿಸಿತೇ ಎಂಬುದನ್ನು ಬರೆದಿಟ್ಟು ಆಸ್ಪತ್ರೆಗೆ ಫೋನ್ ಮಾಡಬೇಕು.

ಏನನ್ನು ಹೇಳಬೇಕು, ಯಾವಾಗ ಹೇಳಬೇಕು

ವರದಿಯಲ್ಲಿ ಎರಡು ವಿಧ: ಕೂಡಲೆ ತಿಳಿಸಬೇಕಾದದ್ದು, ಮುಂದಿನ ಭೇಟಿಗೆ ಬರೆದಿಡಬೇಕಾದದ್ದು. ಕೂಡಲೆ ತಿಳಿಸಬೇಕಾದವುಗಳಲ್ಲಿ ಮೊದಲನೆಯದು ಜ್ವರ. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾಗಲಿ ಹಗಲಾಗಲಿ, ಬೆಳಗಾಗಲೆಂದು ಕಾಯಬಾರದು. ಬಿಳಿ ರಕ್ತಕಣಗಳು ಕುಸಿದಿರುವ ಮೈಯಲ್ಲಿ ಸೋಂಕು ಕೆಲವೇ ತಾಸುಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ಥರ್ಮಾಮೀಟರಿನಲ್ಲಿ ನೋಡುವ ಮುನ್ನ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗುತ್ತದೆ, ಸೋಂಕು ಉಳಿಯುತ್ತದೆ. ಎರಡನೆಯದು ನೀರಿನ ನಷ್ಟ: ತಾಸಿಗೆ ಮೂರು ಸಲಕ್ಕಿಂತ ಹೆಚ್ಚಾಗಿ ಮೂರು ತಾಸುಗಳ ಕಾಲ ವಾಂತಿ, ದಿನವೊಂದಕ್ಕೆ ಒಂದು ಲೀಟರಿನಷ್ಟು ದ್ರವವೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಎಂಟು ತಾಸುಗಳಲ್ಲಿ ಮೂತ್ರವೇ ಆಗದಿರುವುದು ಅಥವಾ ಕಡುಹಳದಿಯಾಗಿ ಆಗುವುದು, ಎದ್ದು ನಿಂತರೆ ತಲೆ ತಿರುಗುವುದು. ಸಿಸ್‌ಪ್ಲಾಟಿನ್ ಪಡೆದವರಲ್ಲಿ ನೀರಿನ ನಷ್ಟ ಮೂತ್ರಪಿಂಡಕ್ಕೆ ನೇರ ಹಾನಿಯಾದ್ದರಿಂದ ಅವರ ವಿಷಯದಲ್ಲಿ ಇನ್ನೂ ಬೇಗ ತಿಳಿಸಬೇಕು. ವಾಂತಿ ನಿಂತ ಅರ್ಧ ತಾಸಿನ ಮೇಲೆ ಒಂದೆರಡು ಚಮಚೆ ಓಆರ್‌ಎಸ್ ನೀರನ್ನೋ ಗಂಜಿಯ ತಿಳಿಯನ್ನೋ ಐದು ನಿಮಿಷಕ್ಕೊಮ್ಮೆ ಕೊಡುತ್ತ ಹೋದರೆ ಎಷ್ಟೋ ಸಲ ಅದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದೂ ನಿಲ್ಲದಿದ್ದರೆ ಅದೇ ಫೋನ್ ಮಾಡುವ ಸಮಯ.

ಮೂರನೆಯದು, ವಾಂತಿಯ ಕಾರಣ ಕೀಮೋ ಅಲ್ಲವೆಂದು ಸೂಚಿಸುವ ಚಿಹ್ನೆಗಳು. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ವಸ್ತು. ಹೊಟ್ಟೆ ಉಬ್ಬಿ ನೋಯುತ್ತ ಮಲವೂ ವಾಯುವೂ ಹೋಗದಿರುವುದು. ತೀವ್ರ ತಲೆನೋವಿನೊಡನೆ ಬೆಳಗಿನ ಜಾವದ ವಾಂತಿ, ದೃಷ್ಟಿ ಮಸುಕು. ಮಾತು ತೊದಲುವುದು, ಗುರುತು ತಪ್ಪುವುದು. ಔಷಧವಾಗಿ ಎರಡನೆಯ ವಾರದಲ್ಲಿ ಹೊಸದಾಗಿ ಶುರುವಾದ ವಾಂತಿಯೂ ಅನುಮಾನಾಸ್ಪದ, ಏಕೆಂದರೆ ಕೀಮೋ ವಾಂತಿಯ ಅವಧಿ ಸಾಮಾನ್ಯವಾಗಿ ಐದು ದಿನಗಳಿಗೆ ಮುಗಿಯುತ್ತದೆ. ವಾಂತಿ ತಡೆಯುವ ಔಷಧವೇ ತರುವ ತೊಂದರೆಗಳೂ ಇವೆ: ಒಂಡಾನ್‌ಸೆಟ್ರಾನ್‌ನಿಂದ ಮಲಬದ್ಧತೆ, ತಲೆನೋವು, ಡೆಕ್ಸಾಮೆಥಾಸೋನ್‌ನಿಂದ ನಿದ್ರಾನಾಶ, ಬಿಕ್ಕಳಿಕೆ, ಮಧುಮೇಹಿಗಳಲ್ಲಿ ಸಕ್ಕರೆಯ ಏರಿಕೆ, ಮೆಟೊಕ್ಲೋಪ್ರಮೈಡ್‌ನಿಂದ, ವಿಶೇಷವಾಗಿ ಎಳೆಯರಲ್ಲಿ, ಕುತ್ತಿಗೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಹೋಗುವ ಭಯಂಕರ ದೃಶ್ಯ. ಕೊನೆಯದನ್ನು ಫಿಟ್ಸ್ ಎಂದೋ ಗಾಳಿ ಸೋಕಿದ್ದೆಂದೋ ಭಾವಿಸಿ ಹೊತ್ತು ಕಳೆಯುವುದುಂಟು. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಅದು ಶಮನವಾಗುತ್ತದೆ.

ಬರೆದಿಡಬೇಕಾದದ್ದು ಸರಳ. ಔಷಧದ ದಿನವನ್ನು ಒಂದನೆಯ ದಿನವೆಂದು ಎಣಿಸಿ, ಐದು ದಿನಗಳವರೆಗೆ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ವಾಂತಿಯಾದ ಹೊತ್ತು ಮತ್ತು ಸಂಖ್ಯೆ, ವಾಕರಿಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ರೋಗಿಯೇ ಹೇಳಿದ ಅಂಕ, ಉಂಡದ್ದೆಷ್ಟು, ಕುಡಿದದ್ದೆಷ್ಟು, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ಕೊಟ್ಟೆವು, ಯಾವುದನ್ನು ಏಕೆ ಬಿಟ್ಟೆವು. ವಾಂತಿಯನ್ನು ನೋಡಿ ಎಣಿಸಬಹುದು, ವಾಕರಿಕೆಯನ್ನು ಕೇಳಿಯೇ ತಿಳಿಯಬೇಕು. ಅತ್ತೆಯ ಮುಂದೆ ಸೊಸೆ, ಮಗನ ಮುಂದೆ ತಂದೆ "ಊಟ ಸೇರೂದಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಹಾವೇರಿಯ ಗೃಹಿಣಿಯ ಗಂಡನ ಕೈಯಲ್ಲಿ ಇಂಥ ಹಾಳೆಯೊಂದಿದ್ದು, "ಮೊದಲ ರಾತ್ರಿ ಮೂರು ಸಲ, ಐದು ದಿನ ವಾಕರಿಕೆ ಏಳು ಎಂಟು, ರಾತ್ರಿ ಗುಳಿಗೆ ಒಂದೇ ದಿನ, ಬಸಿರಿನಲ್ಲೂ ಹೀಗೇ ಆಗಿತ್ತು" ಎಂದು ಅದರಲ್ಲಿದ್ದಿದ್ದರೆ, ಎರಡನೆಯ ಸರದಿಗೇ ವೈದ್ಯರು ಒಲಾಂಜಪೈನ್‌ನ ಪ್ರಮಾಣವನ್ನು ಇಳಿಸಿ ನಾಲ್ಕೂ ರಾತ್ರಿ ಮುಂದುವರಿಸಲು ಹೇಳುತ್ತಿದ್ದರು, ಉಳಿದ ಮಾತ್ರೆಗಳ ಹೊತ್ತನ್ನು ಗುರುತುಹಾಕಿ ಕೊಡುತ್ತಿದ್ದರು. ಮೂರನೆಯ ಸರದಿಯ ಬಸ್ಸಿನ ವಾಂತಿಯನ್ನು ತಪ್ಪಿಸುವ ಅವಕಾಶ ಅವರಿಗೆ ಇರುತ್ತಿತ್ತು.

ಇತ್ಯರ್ಥವಾಗದೆ ಉಳಿದವು

ಔಷಧ ಫಲಿಸಿತೆಂದು ಹೇಳುವುದು ಯಾವಾಗ ಎಂಬ ಮೂಲಪ್ರಶ್ನೆಯೇ ಇನ್ನೂ ಇತ್ಯರ್ಥವಾಗಿಲ್ಲ. ಬಹುತೇಕ ಪ್ರಯೋಗಗಳು ವಾಂತಿಯಾಗದೆ, ಹೆಚ್ಚುವರಿ ಔಷಧ ಬೇಕಾಗದೆ ಐದು ದಿನ ಕಳೆದರೆ ಅದನ್ನು ಸಂಪೂರ್ಣ ಯಶಸ್ಸೆಂದು ಎಣಿಸುತ್ತವೆ. ಆ ಐದು ದಿನವೂ ವಾಕರಿಸುತ್ತ ಮಲಗಿದ್ದವನು ಸಹ ಈ ಲೆಕ್ಕದಲ್ಲಿ ಯಶಸ್ವಿಯೇ. ವಾಕರಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬ ವಾದ ಈಗ ಬಲಗೊಳ್ಳುತ್ತಿದೆ, ಆದರೆ ಹೇಗೆ ಅಳೆಯಬೇಕೆಂಬುದರಲ್ಲಿ ಒಮ್ಮತವಿಲ್ಲ. ಡೆಕ್ಸಾಮೆಥಾಸೋನ್ ವಾಂತಿಯನ್ನು ಹೇಗೆ ತಡೆಯುತ್ತದೆಂಬುದು ನಾಲ್ಕು ದಶಕಗಳ ಬಳಕೆಯ ಮೇಲೂ ಸ್ಪಷ್ಟವಾಗಿಲ್ಲ, ಮಧುಮೇಹಿಗಳಲ್ಲಿ ಅದನ್ನು ಎಷ್ಟು ದಿನಕ್ಕೆ ಮಿತಗೊಳಿಸಬಹುದೆಂಬ ಚರ್ಚೆ ನಡೆದಿದೆ. ಊಟದ ಹೊತ್ತಿನ ಬಗ್ಗೆ ಇಂದು ಕೊಡುವ ಸಲಹೆಯ ಬಹುಭಾಗ ಪರೀಕ್ಷೆಗೊಳಗಾಗಿಲ್ಲ; ಮಿಠಾಯಿಯ ಪ್ರಯೋಗ ಮಕ್ಕಳಲ್ಲಿ ನಡೆದದ್ದು, ಅದರ ಫಲವನ್ನು ದೊಡ್ಡವರಿಗೆ ಎಷ್ಟರ ಮಟ್ಟಿಗೆ ಹೊಂದಿಸಬಹುದೆಂಬುದೂ ಹಾಗೆಯೇ ಉಳಿದಿದೆ.

ಇನ್ನೊಂದು ಪ್ರಶ್ನೆ ವರದಿಗೇ ಸಂಬಂಧಿಸಿದ್ದು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಈಥನ್ ಬಾಶ್ ಅವರ ಬಳಗ, 766 ರೋಗಿಗಳ ಅಧ್ಯಯನವೊಂದರಲ್ಲಿ, ತಮ್ಮ ಲಕ್ಷಣಗಳನ್ನು ತಾವೇ ಕಂಪ್ಯೂಟರಿನಲ್ಲಿ ನಿಯಮಿತವಾಗಿ ದಾಖಲಿಸಿ ನರ್ಸ್‌ಗಳಿಗೆ ತಲುಪಿಸಿದವರು ಇತರರಿಗಿಂತ ಹೆಚ್ಚು ಕಾಲ ಬದುಕಿದರೆಂದು, 26 ತಿಂಗಳ ಎದುರಿಗೆ 31.2 ತಿಂಗಳೆಂದು, 2017ರಲ್ಲಿ ತೋರಿಸಿತು. ಅಲ್ಲಿ ವರದಿ ಮಾಡಿದವನು ರೋಗಿ, ಅದನ್ನು ಓದಲು ನಿಯುಕ್ತನಾದ ನರ್ಸ್ ಇದ್ದನು. ನಮ್ಮಲ್ಲಿ ರೋಗಿಯೊಡನೆ ಇರುವವಳು ಹೆಂಡತಿ, ಫೋನ್ ಮಾಡುವವನು ಬೆಂಗಳೂರಿನಲ್ಲಿರುವ ಮಗ, ವೈದ್ಯರ ಮುಂದೆ ಮಾತಾಡುವವನು ಜೊತೆಗೆ ಬಂದ ಭಾವ. ಇಂಥ ಕೈಬದಲಿನಲ್ಲಿ ವಾಕರಿಕೆಯ ಅಂಕ ಎಷ್ಟು ಉಳಿದುಕೊಳ್ಳುತ್ತದೆ, ಆ ಫೋನನ್ನು ರಾತ್ರಿ ಹತ್ತರ ಮೇಲೆ ಎತ್ತಿಕೊಳ್ಳಲು ಜಿಲ್ಲೆಯ ಆಸ್ಪತ್ರೆಯಲ್ಲಿ ಯಾರನ್ನು ನೇಮಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಆ ಅಧ್ಯಯನದಲ್ಲಿ ಉತ್ತರವಿಲ್ಲ.